ಪರಯೋಡೇಟಿಗೆ ಸಿಗುವ ಡಯಾಲ್, ಸಿಗದ ಡಯಾಲ್

ಸೈಕ್ಲೊಹೆಕ್ಸೀನ್ ಎಂಬುದು ನೀರಿನಷ್ಟೇ ತಿಳಿಯಾದ, ಮೂಗಿಗೆ ಹೊಡೆಯುವ ವಾಸನೆಯ ದ್ರವ. ಇದರ ಅಣುವಿನಲ್ಲಿ ಆರು ಇಂಗಾಲಗಳು ಉಂಗುರ ಕಟ್ಟಿಕೊಂಡಿವೆ. ಎರಡರ ನಡುವೆ ಮಾತ್ರ ಜೋಡಿಬಂಧ. ಇಂಥ ಜೋಡಿಬಂಧ ಇರುವ ವಸ್ತುಗಳಿಗೆ ಆಲ್ಕೀನ್ ಎಂದು ಹೆಸರು. ಜೋಡಿಯ ಒಂದು ಎಳೆಯನ್ನು ಬಿಡಿಸಿ ಎರಡೂ ಇಂಗಾಲಗಳಿಗೆ ಒಂದೊಂದು OH ಗುಂಪು ಅಂಟಿಸಿದರೆ ವಿಸಿನಲ್ ಡಯಾಲ್ ಆಗುತ್ತದೆ. ಆದರೆ ಅಂಟಿಸುವುದು ಯಾವ ಕಡೆಯಿಂದ? ಉಂಗುರವನ್ನು ಮೇಜಿನ ಮೇಲೆ ಮಲಗಿಸಿದ್ದೇವೆ ಅಂದುಕೊಳ್ಳಿ. ಎರಡೂ OH ಮೇಲ್ಗಡೆಯೇ ಇದ್ದರೆ ಅದು ಸಿಸ್ ಡಯಾಲ್; ಒಂದು ಮೇಲೆ, ಇನ್ನೊಂದು ಕೆಳಗೆ ಇದ್ದರೆ ಟ್ರಾನ್ಸ್.

ಸಿಸ್ ಬೇಕೆಂದರೆ ಆಸ್ಮಿಯಂ ಟೆಟ್ರಾಕ್ಸೈಡ್ ಇದೆ. ಇದರಲ್ಲಿ ಆಸ್ಮಿಯಂ ಪರಮಾಣುವಿಗೆ ನಾಲ್ಕು ಆಮ್ಲಜನಕಗಳು ಅಂಟಿರುತ್ತವೆ. ಅವುಗಳಲ್ಲಿ ಎರಡು ಒಟ್ಟೊಟ್ಟಿಗೆ, ಒಂದೇ ಕಡೆಯಿಂದ, ಎರಡೂ ಇಂಗಾಲಗಳನ್ನು ಹಿಡಿಯುತ್ತವೆ. ಆಮೇಲೆ ನೀರು ಆಸ್ಮಿಯಂ ಅನ್ನು ಬಿಡಿಸಿದಾಗ ಆಮ್ಲಜನಕಗಳು ಕೂತಲ್ಲೇ OH ಆಗಿ ಉಳಿಯುತ್ತವೆ. ಇದೇ ಸಿನ್ ದಾರಿ. ಅಚ್ಚುಕಟ್ಟಾದ ಕ್ರಿಯೆ, ಆದರೆ ವಸ್ತು ವಿಪರೀತ ದುಬಾರಿ, ಅಪಾಯಕಾರಿ ಕೂಡ. ಕೋಣೆಯ ಉಷ್ಣತೆಯಲ್ಲೇ ಆವಿಯಾಗಿ ಕಣ್ಣಿನ ಕಾರ್ನಿಯಾಕ್ಕೆ ಹಾನಿ ಮಾಡುತ್ತದೆ. (ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕಾಗಿ ಜೀವಕೋಶದ ಕೊಬ್ಬಿಗೆ ಕಪ್ಪು ಹಿಡಿಸಲು ಬಳಸುವುದೂ ಇದನ್ನೇ, ಕೊಬ್ಬಿನಲ್ಲೂ ಜೋಡಿಬಂಧಗಳಿವೆ.) ಹಾಗಾಗಿ ಈಗ ಚಿಟಿಕೆಯಷ್ಟು ಆಸ್ಮಿಯಂ ಹಾಕಿ, ಕೆಲಸ ಮುಗಿಸಿದ ಆಸ್ಮಿಯಂ ಅನ್ನು ಮತ್ತೆ ಉತ್ಕರ್ಷಿಸಲು ಎನ್‌ಎಂಒ ಎಂಬ ಅಗ್ಗದ ಇನ್ನೊಂದು ವಸ್ತುವನ್ನು ಜೊತೆಗೆ ಸೇರಿಸುತ್ತಾರೆ. ಕಾಲೇಜಿನ ಲ್ಯಾಬಿನಲ್ಲಾದರೆ ತಣ್ಣಗಿನ, ತೆಳುವಾದ, ಕ್ಷಾರೀಯ ಪೊಟ್ಯಾಶಿಯಂ ಪರ್ಮಾಂಗನೇಟ್ ಸಾಕು. ನೇರಳೆ ಬಣ್ಣ ಹೋಗಿ ಕಂದು ಬಗ್ಗಡ ಕೂರುತ್ತದೆ. ಬಿಸಿಯಾಗಲು ಬಿಟ್ಟರೆ ಮಾತ್ರ ಕ್ರಿಯೆ ಡಯಾಲ್‌ನಲ್ಲಿ ನಿಲ್ಲದೆ ಉಂಗುರವನ್ನೇ ಒಡೆದು ಅಡಿಪಿಕ್ ಆಮ್ಲದವರೆಗೆ ಹೋಗಿಬಿಡುತ್ತದೆ.

ಟ್ರಾನ್ಸ್ ಡಯಾಲ್‌ಗೆ ದಾರಿ ಬೇರೆ. ಫಾರ್ಮಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ, ಸೈಕ್ಲೊಹೆಕ್ಸೀನನ್ನು ನಿಧಾನವಾಗಿ ಬಿಡುತ್ತಾ ಹೋಗಬೇಕು. ಕಾವು 40ರಿಂದ 45 ಡಿಗ್ರಿ ದಾಟದಂತೆ ಐಸ್ ನೀರಿನಲ್ಲಿ ಫ್ಲಾಸ್ಕನ್ನು ಅದ್ದಿ ತೆಗೆಯುತ್ತಿರಬೇಕು. ಮೊದಲು ಒಂದೇ ಆಮ್ಲಜನಕ ಎರಡು ಇಂಗಾಲಗಳ ಮೇಲೆ ಸೇತುವೆಯಾಗಿ ಕೂತು ಎಪಾಕ್ಸೈಡ್ ಆಗುತ್ತದೆ. ಆ ಕಡೆ ಜಾಗ ಮುಚ್ಚಿರುವುದರಿಂದ ನೀರೋ ಫಾರ್ಮಿಕ್ ಆಮ್ಲವೋ ಎದುರು ಕಡೆಯಿಂದಲೇ ನುಗ್ಗಿ ಸೇತುವೆಯನ್ನು ಬಿಡಿಸಬೇಕು. ಆಂಟಿ ದಾರಿ ಎನ್ನುವುದು ಇದಕ್ಕೇ. ಡಯಾಲ್‌ನ ಒಂದು ಭಾಗ ಫಾರ್ಮೇಟ್ ಎಸ್ಟರ್ ಆಗಿ ಸಿಕ್ಕಿಕೊಂಡಿರುತ್ತದೆ, ಕಾಸ್ಟಿಕ್ ಸೋಡಾ ಅದನ್ನು ಬಿಡಿಸುತ್ತದೆ. ಆಮ್ಲವನ್ನು ಬಟ್ಟಿ ಇಳಿಸುವ ಮೊದಲು ಸ್ಟಾರ್ಚ್-ಅಯೋಡೈಡ್ ಕಾಗದವನ್ನು ಅದ್ದಿ ನೋಡಲೇಬೇಕು. ನೀಲಿಯಾದರೆ ಪೆರಾಕ್ಸೈಡ್ ಇನ್ನೂ ಉಳಿದಿದೆ; ಹಾಗೇ ಕಾಯಿಸಿದರೆ ಸ್ಫೋಟವಾಗಬಹುದು.

ಎರಡೂ ಡಯಾಲ್‌ಗಳು ಬಿಳಿ ಹರಳುಗಳು. ಎರಡೂ 100 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತವೆ. ಎರಡನ್ನೂ ಅರೆದು ಬೆರೆಸಿ ಕಾಯಿಸಿ ನೋಡಿ, ಬೆರಕೆ ಅದಕ್ಕಿಂತ ತುಂಬ ಕೆಳಗೇ ಕರಗತೊಡಗುತ್ತದೆ. ಬೇರೆ ಬೇರೆ ವಸ್ತುಗಳೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಈಗ ಪರಯೋಡೇಟ್. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಲಪ್ರಾದ್ 1928ರಲ್ಲಿ ತಿಳಿಸಿದ ಕ್ರಿಯೆ ಇದು. ಪರಯೋಡೇಟಿನ ಅಯೋಡಿನ್ ಎರಡೂ OHಗಳ ಆಮ್ಲಜನಕವನ್ನು ಹಿಡಿದು ಐದು ಪರಮಾಣುಗಳ ಪುಟ್ಟ ಉಂಗುರ ಕಟ್ಟುತ್ತದೆ. ಆ ಉಂಗುರ ಬಿರಿದಾಗ ಎರಡು ಇಂಗಾಲಗಳ ನಡುವಿನ ಬಂಧವೂ ತುಂಡಾಗಿ, ಎರಡೂ ತುದಿಗಳು ಆಲ್ಡಿಹೈಡ್ ಆಗುತ್ತವೆ. ಪರೀಕ್ಷೆ ಸುಲಭ: ಪರಯೋಡಿಕ್ ಆಮ್ಲಕ್ಕೆ ಒಂದು ಹನಿ ನೈಟ್ರಿಕ್ ಆಮ್ಲ, ನಂತರ ಡಯಾಲ್, ಕೊನೆಗೆ ಸಿಲ್ವರ್ ನೈಟ್ರೇಟ್. ಬಂಧ ತುಂಡಾಗಿದ್ದರೆ ಸಿಲ್ವರ್ ಅಯೋಡೇಟಿನ ಬಿಳಿ ಗಷ್ಟು ಕೂಡಲೇ ಕೆಳಗಿಳಿಯುತ್ತದೆ.

ಸೈಕ್ಲೊಹೆಕ್ಸೇನಿನ ಎರಡೂ ಡಯಾಲ್‌ಗಳು ಈ ಪರೀಕ್ಷೆಯಲ್ಲಿ ಬಿಳಿ ಗಷ್ಟನ್ನೇ ಕೊಡುತ್ತವೆ. ಎರಡರಿಂದಲೂ ಸಿಗುವುದು ಒಂದೇ ಅಡಿಪಾಲ್ಡಿಹೈಡ್. ಅಷ್ಟು ಕಷ್ಟಪಟ್ಟು ಮಾಡಿದ ಸಿಸ್-ಟ್ರಾನ್ಸ್ ಭೇದ ಅಳಿಸಿಹೋಯಿತು. ವೇಗದಲ್ಲಿ ಮಾತ್ರ ಸಿಸ್ ಮುಂದು. ಬಂಧದ ಉದ್ದಕ್ಕೆ ಕಣ್ಣಿಟ್ಟು ನೋಡಿದರೆ ಎರಡರಲ್ಲೂ OHಗಳ ನಡುವೆ ಸುಮಾರು 60 ಡಿಗ್ರಿ ಕೋನ. ಅಯೋಡಿನ್‌ಗೆ ಎರಡೂ ಎಟುಕುತ್ತವೆ, ಆದರೆ ಅವನ್ನು ಇನ್ನಷ್ಟು ಹತ್ತಿರಕ್ಕೆ ಎಳೆಯುವುದು ಸಿಸ್‌ನಲ್ಲಿ ಸಲೀಸು.

ಎಟುಕದಿದ್ದರೆ? ಎರಡು ಆರರ ಉಂಗುರಗಳು ಒಂದು ಬದಿಯನ್ನು ಹಂಚಿಕೊಂಡಿರುವ ಅಣುವನ್ನು ತೆಗೆದುಕೊಳ್ಳಿ. ಹಂಚಿಕೊಂಡ ಆ ಬದಿಯಲ್ಲೇ ಜೋಡಿಬಂಧ ಇರಲಿ. ಆಸ್ಮಿಯಂ ದಾರಿಯಲ್ಲಿ ಹೋದರೆ ಸಿಸ್ ಡಯಾಲ್ ಆಗುತ್ತದೆ. ಪರಯೋಡೇಟ್ ನಡುವಿನ ಆ ಬಂಧವನ್ನು ಕತ್ತರಿಸಿ ಹತ್ತು ಇಂಗಾಲಗಳ ಒಂದೇ ದೊಡ್ಡ ಉಂಗುರ ಕೊಡುತ್ತದೆ. (ಆ ಇಂಗಾಲಗಳಿಗೆ ಹೈಡ್ರೋಜನ್ ಇಲ್ಲವಾದ್ದರಿಂದ ಇಲ್ಲಿ ಆಲ್ಡಿಹೈಡ್ ಬದಲು ಎರಡು ಕೀಟೋನ್.) ಎಪಾಕ್ಸೈಡ್ ದಾರಿಯ ಟ್ರಾನ್ಸ್ ಡಯಾಲ್‌ನಲ್ಲಿ OHಗಳು ನೆಟ್ಟಗೆ ಒಂದು ಮೇಲಕ್ಕೆ, ಒಂದು ಕೆಳಕ್ಕೆ, 180 ಡಿಗ್ರಿ ದೂರದಲ್ಲಿವೆ. ಬೆಸೆದ ಉಂಗುರಗಳು ಮಗ್ಗುಲು ಬದಲಿಸಲೂ ಬಿಡವು. ಒಂದೇ ಅಯೋಡಿನ್ ಎರಡನ್ನೂ ಹಿಡಿಯಲಾರದು. ಸಿಲ್ವರ್ ನೈಟ್ರೇಟ್ ಹಾಕಿದರೂ ಬಿಳಿ ಗಷ್ಟು ಬೀಳುವುದಿಲ್ಲ. ಸೀಸದ ಟೆಟ್ರಾ ಅಸಿಟೇಟ್‌ಗೆ ಇಂಥ ಡಯಾಲ್ ಕೂಡ ನಿಧಾನವಾಗಿ ಮಣಿಯುತ್ತದೆ, ಪರಯೋಡೇಟಿಗೆ ಮಣಿಯುವುದಿಲ್ಲ.