ಚಮಚದ ಲೆಕ್ಕ, ಗ್ರಾಂ ಲೆಕ್ಕ

ಕ್ಯಾಲರಿ ಲೆಕ್ಕ ಬರೆದಿಡುವವರು ‘ಒಂದು ಕಪ್ ಗೋಧಿಹಿಟ್ಟು’ ಎಂದು ನಮೂದಿಸುವಾಗ ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಕಪ್ಪು ಅಳೆಯುವುದು ಜಾಗವನ್ನು. ಕ್ಯಾಲರಿ ಇರುವುದು ತೂಕದಲ್ಲಿ. ಹಿಟ್ಟನ್ನು ಚಮಚದಿಂದ ಹಗುರವಾಗಿ ಉದುರಿಸಿ ತುಂಬಿದರೆ 240 ಮಿಲಿಲೀಟರಿನ ಕಪ್ಪಿನಲ್ಲಿ ಸುಮಾರು 120 ಗ್ರಾಂ ಹಿಡಿಯುತ್ತದೆ. ಅದೇ ಕಪ್ಪನ್ನು ಡಬ್ಬಿಯೊಳಗೆ ತೂರಿಸಿ ಬಗೆದು ತೆಗೆದರೆ ಹಿಟ್ಟು ಒತ್ತಿಕೊಂಡು 150 ಗ್ರಾಂ ಆಗಬಹುದು.

ಒಂದು ದಿನದ ಲೆಕ್ಕ ಹಾಕಿ ನೋಡೋಣ. ಚಪಾತಿಗೆ ಒಂದು ಕಪ್ ಹಿಟ್ಟು: ಬರೆದದ್ದು 120 ಗ್ರಾಂ, ಬಿದ್ದದ್ದು 150. ಹೆಚ್ಚಾದ 30 ಗ್ರಾಮಿಗೆ ಸುಮಾರು 105 ಕ್ಯಾಲರಿ. ಪಲ್ಯಕ್ಕೆ ಎರಡು ದೊಡ್ಡ ಚಮಚ ಎಣ್ಣೆ, ಬರಹದಲ್ಲಿ 27 ಗ್ರಾಂ. ಆದರೆ ಮನೆಯ ಚಮಚ ಸ್ವಲ್ಪ ಆಳವಾಗಿದ್ದು, ಎಣ್ಣೆ ಅಂಚಿನ ಮೇಲೆ ಉಬ್ಬಿ ನಿಂತರೆ 34 ಆಗುತ್ತದೆ. ಗ್ರಾಮಿಗೆ 9ರಂತೆ 63 ಕ್ಯಾಲರಿ ಜಾಸ್ತಿ. ಸಂಜೆಯ ‘ಒಂದು ಹಿಡಿ’ ಹುರಿದ ಶೇಂಗಾ 30 ಗ್ರಾಂ ಎಂದುಕೊಂಡದ್ದು 40 ಇದ್ದರೆ ಇನ್ನೊಂದು 57. ಒಟ್ಟು 225 ಕ್ಯಾಲರಿ ಪುಸ್ತಕಕ್ಕೆ ಬರಲೇ ಇಲ್ಲ. ದಿನಕ್ಕೆ 500 ಕ್ಯಾಲರಿ ಕಡಿಮೆ ತಿನ್ನಬೇಕೆಂದು ಹೊರಟವರ ಉಳಿತಾಯದಲ್ಲಿ ಹತ್ತಿರಹತ್ತಿರ ಅರ್ಧ ಹೋಯಿತು.

ಇನ್ನು ತಕ್ಕಡಿ. ಡಿಜಿಟಲ್ ತಕ್ಕಡಿಯ ತಟ್ಟೆಯ ಕೆಳಗೆ ಒಂದು ಸಣ್ಣ ಲೋಹದ ಪಟ್ಟಿ ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳು ತಂತಿಗಳು ಹಿಗ್ಗಿ ಕುಗ್ಗಿದಂತೆ ಅವುಗಳ ವಿದ್ಯುತ್ ರೋಧ ಬದಲಾಗುತ್ತದೆ. ಯಂತ್ರ ಅದನ್ನೇ ಗ್ರಾಮಿಗೆ ತಿರುಗಿಸಿ ತೋರಿಸುತ್ತದೆ. ಇಲ್ಲೂ ತಪ್ಪು ಉಂಟು. ಪ್ರತಿ ತೂಕದಲ್ಲೂ 2 ಗ್ರಾಂ ಆಚೀಚೆ ಆಯಿತೆಂದುಕೊಂಡರೆ, ಮೇಲಿನ ಮೂರೂ ಪದಾರ್ಥ ಸೇರಿ ಅತಿ ಕೆಟ್ಟ ದಿನದಲ್ಲಿ 36 ಕ್ಯಾಲರಿ.

ಆದರೆ ತಪ್ಪಿನ ಗಾತ್ರಕ್ಕಿಂತ ಅದರ ದಿಕ್ಕು ಮುಖ್ಯ. ತಕ್ಕಡಿಯ ಓದು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬಂದರೆ ವಾರದಲ್ಲಿ ಅವು ಒಂದನ್ನೊಂದು ಬಹುಪಾಲು ಹೊಡೆದುಹಾಕುತ್ತವೆ. ಚಮಚದ ಕೈ ಹಾಗಲ್ಲ. ದಿನವೂ ಅದೇ ಕೈ, ಅದೇ ಚಮಚ, ಅದೇ ಉಬ್ಬು. ಏಳು ದಿನಕ್ಕೆ 225 ಏಳು ಸಲ ಕೂಡಿ 1,575 ಆಗುತ್ತದೆ. ಹಾಗೆಂದು ಎಲ್ಲವನ್ನೂ ತೂಗುವ ಹಟವೇನೂ ಬೇಡ. ಸೌತೆಕಾಯಿಯಲ್ಲಿ 20 ಗ್ರಾಂ ತಪ್ಪಿದರೂ ಮೂರು ಕ್ಯಾಲರಿ ಆದೀತು. ತೂಗಬೇಕಾದ್ದು ಎಣ್ಣೆ, ತುಪ್ಪ, ಶೇಂಗಾ, ಹಿಟ್ಟು.

ಎಣ್ಣೆಯಲ್ಲಿ ತಕ್ಕಡಿಗೂ ಒಂದು ಚಾಳಿ ಇದೆ. ಖಾಲಿ ತಟ್ಟೆ ತಾನಾಗಿಯೇ ಸೊನ್ನೆಯಿಂದ ಸರಿಯದಿರಲೆಂದು ಹಲವು ಯಂತ್ರಗಳು ಬಹಳ ಚಿಕ್ಕ, ನಿಧಾನದ ಬದಲಾವಣೆಯನ್ನು ನುಂಗಿಬಿಡುತ್ತವೆ. ಬಟ್ಟಲಿಟ್ಟು ಸೊನ್ನೆ ಮಾಡಿ ಹನಿಹನಿಯಾಗಿ ಸುರಿದರೆ ಒಂದೆರಡು ಗ್ರಾಂ ತೆರೆಗೆ ಬರುವುದೇ ಇಲ್ಲ. ಎಣ್ಣೆಯ ಬಾಟಲಿಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಎತ್ತಿಕೊಂಡು ಬಾಣಲೆಗೆ ಸುರಿದು, ಮತ್ತೆ ಇಟ್ಟರೆ ತೆರೆಯ ಮೇಲೆ −14 ಎಂದು ಬರುತ್ತದೆ. ಬಾಣಲೆಗೆ ಹೋದದ್ದು 14 ಗ್ರಾಂ. ತೊಳೆಯಲು ಚಮಚವೂ ಇಲ್ಲ.