ಮಿಶ್ರ ಲೈಂಗಿಕ ಒಲವಿನ ವಿವಾಹ

ಪತಿ ಅಥವಾ ಪತ್ನಿ ಸಲಿಂಗಕಾಮಿಯಾಗಿದ್ದು, ಇನ್ನೊಬ್ಬರು ಭಿನ್ನಲಿಂಗಕಾಮಿಯಾಗಿರುವ ದಾಂಪತ್ಯವನ್ನು ಮಿಶ್ರ ಲೈಂಗಿಕ ಒಲವಿನ ವಿವಾಹ ಎನ್ನುತ್ತಾರೆ. ಭಾರತದಲ್ಲಿ ಮನೆಯವರ ಒತ್ತಾಯದಿಂದ ನಡೆದ ಇಂತಹ ಮದುವೆಗಳಲ್ಲಿ ಸತ್ಯವು ಕೆಲವೊಮ್ಮೆ ವರ್ಷಗಳ ನಂತರ ತಿಳಿಯುತ್ತದೆ.

ಸಂಗಾತಿಯ ಪ್ರತಿಕ್ರಿಯೆ

ವಿಷಯ ತಿಳಿದವರು ಮೊದಲು ತಮ್ಮಲ್ಲೇ ಕೊರತೆಯನ್ನು ಹುಡುಕುವುದುಂಟು. ಆದರೆ ಲೈಂಗಿಕ ಒಲವು ಸಂಗಾತಿಯ ರೂಪದಿಂದಾಗಲಿ ನಡತೆಯಿಂದಾಗಲಿ ಉಂಟಾಗುವುದಿಲ್ಲ. ಅನೇಕರ ಕೋಪಕ್ಕೆ ಒಲವಿಗಿಂತ ಅದನ್ನು ಮುಚ್ಚಿಟ್ಟದ್ದೇ ಕಾರಣವಾಗಿರುತ್ತದೆ. ನಂಟರಿಗೆ ಹೇಳಿದರೆ ಸಂಗಾತಿಯ ಗುಟ್ಟು ಬಯಲಾಗುತ್ತದೆ. ಹೇಳದಿದ್ದರೆ ನೋವನ್ನು ಒಬ್ಬರೇ ನುಂಗಬೇಕಾಗುತ್ತದೆ.

ಆಯ್ಕೆಗಳು

ಕೆಲವರು ಪರಸ್ಪರ ಒಪ್ಪಂದದಿಂದ ಒಟ್ಟಿಗೆ ಉಳಿಯುತ್ತಾರೆ. ಬೇರೆಯಾಗಬಯಸುವ ಹಿಂದೂ ದಂಪತಿಗಳಿಗೆ 1955ರ ಹಿಂದೂ ವಿವಾಹ ಕಾಯ್ದೆ ಅನ್ವಯಿಸುತ್ತದೆ. ಮಹತ್ವದ ಸಂಗತಿಯ ಬಗ್ಗೆ ವಂಚಿಸಿ ಸಮ್ಮತಿ ಪಡೆದಿದ್ದರೆ, 12ನೇ ಸೆಕ್ಷನ್ ಅಡಿಯಲ್ಲಿ ವಿವಾಹದ ರದ್ದತಿಯನ್ನು ಕೋರಬಹುದು. ವಂಚನೆ ತಿಳಿದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ತಿಳಿದ ಮೇಲೂ ಪೂರ್ಣ ಸಮ್ಮತಿಯಿಂದ ದಾಂಪತ್ಯ ನಡೆಸಿರಬಾರದು.

ಉದಾಹರಣೆಗೆ, ಮದುವೆಯಾದ ಐದನೇ ವರ್ಷ ವಿಷಯ ತಿಳಿದ ಪತ್ನಿಗೆ ಈ ಅವಧಿಯು ತಿಳಿದ ದಿನದಿಂದ ಆರಂಭವಾಗುತ್ತದೆ. ಮಕ್ಕಳಿಗಾಗಿ ಆಕೆ ಮತ್ತೆರಡು ವರ್ಷ ಸುಮ್ಮನಿದ್ದರೆ ಆ ದಾರಿ ಮುಚ್ಚುತ್ತದೆ. ಆಗ 13ಬಿ ಸೆಕ್ಷನ್ ಅಡಿಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಪಡೆಯಬಹುದು. ಅದಕ್ಕೆ ಇಬ್ಬರೂ ಕನಿಷ್ಠ ಒಂದು ವರ್ಷ ಪ್ರತ್ಯೇಕವಾಗಿ ಬಾಳಿರಬೇಕು. ಪತಿ ಒಪ್ಪದಿದ್ದರೆ ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ ಕೋರಬಹುದು. ಆದರೆ ಅದನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಾಗುತ್ತದೆ. ವಿವಾಹ ರದ್ದಾದರೂ ಮಕ್ಕಳನ್ನು 16ನೇ ಸೆಕ್ಷನ್ ಪ್ರಕಾರ ನ್ಯಾಯಸಮ್ಮತ ಸಂತಾನವೆಂದೇ ಪರಿಗಣಿಸಲಾಗುತ್ತದೆ.

ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವು 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಪರಾಧವಲ್ಲ. ಹೀಗಾಗಿ ಒಲವೊಂದನ್ನೇ ಮುಂದಿಟ್ಟು ಸಂಗಾತಿಯ ಮೇಲೆ ಕ್ರಿಮಿನಲ್ ದೂರು ನೀಡಲಾಗದು.