ಆರಂಭಿಕ ಶಿಲ್ಕಿನಿಂದ ಅಂತಿಮ ಶಿಲ್ಕಿನವರೆಗೆ: ನಿಧಿಯ ಏರಿಳಿತ ತೋರಿಸುವ ವಾಟರ್‌ಫಾಲ್ ಚಾರ್ಟ್



ಪ್ರತಿ ವರ್ಷದ ವರದಿಯಲ್ಲಿ ಜಮಾ-ಖರ್ಚಿನ ಪಟ್ಟಿಯನ್ನು ಪ್ರಕಟಿಸುತ್ತಾ ಬಂದಿದ್ದೇವೆ. ಆದರೂ ಮಹಾಸಭೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ದೇಣಿಗೆ ಚೆನ್ನಾಗಿಯೇ ಬಂದಿದೆಯಲ್ಲ, ಹಾಗಾದರೆ ಶಿಲ್ಕು ಏಕೆ ಕಡಿಮೆಯಾಯಿತು?" ಉತ್ತರ ಪಟ್ಟಿಯಲ್ಲೇ ಇದೆ. ಆದರೆ ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಹಂಚಿಹೋಗಿರುವ ಅಂಕಿಗಳನ್ನು ಮನಸ್ಸಿನಲ್ಲೇ ಕೂಡಿಸಿ ಕಳೆಯುವ ಅಭ್ಯಾಸ ಎಲ್ಲರಿಗೂ ಇರುವುದಿಲ್ಲ. ಅದಕ್ಕಾಗಿ ಈ ಬಾರಿ ವಿದ್ಯಾರ್ಥಿವೇತನ ನಿಧಿಯ ಲೆಕ್ಕವನ್ನು ವಾಟರ್‌ಫಾಲ್ ಚಾರ್ಟ್ ಆಗಿಯೂ ಕೊಟ್ಟಿದ್ದೇವೆ. ಅದನ್ನು ಹೇಗೆ ತಯಾರಿಸಿದೆವು, ಎಲ್ಲಿ ಎಡವಿದೆವು ಎಂಬುದನ್ನು ಇಲ್ಲಿ ಬರೆದಿದ್ದೇವೆ. ನಿಮ್ಮ ಜಮಾಅತ್, ಸಂಘ ಅಥವಾ ಶಾಲಾ ಸಮಿತಿಯ ಲೆಕ್ಕಕ್ಕೂ ಇದೇ ಕ್ರಮ ಸಾಕಾಗುತ್ತದೆ.

ಚಿತ್ರದ ಹಿಂದಿನ ತರ್ಕ ಸರಳ. ಎಡತುದಿಯಲ್ಲಿ ನೆಲದಿಂದ ಎದ್ದ ಒಂದು ಕಂಬವಿದೆ, ಅದು ಆರಂಭಿಕ ಶಿಲ್ಕು. ಅದರ ಮೇಲ್ತುದಿ ಎಲ್ಲಿದೆಯೋ ಅಲ್ಲಿಂದಲೇ ಮುಂದಿನ ತುಂಡು ಶುರುವಾಗುತ್ತದೆ. ಹಣ ಬಂದಿದ್ದರೆ ಆ ತುಂಡು ಮೇಲಕ್ಕೆ ಏರುತ್ತದೆ, ಹೋಗಿದ್ದರೆ ಕೆಳಕ್ಕೆ ಇಳಿಯುತ್ತದೆ. ಹೀಗೆ ಒಂದರ ತುದಿಗೆ ಇನ್ನೊಂದು ತಗುಲಿಕೊಂಡು ಸಾಗಿ, ಕೊನೆಯ ತುಂಡು ನಿಂತ ಎತ್ತರಕ್ಕೆ ಸರಿಯಾಗಿ ಬಲತುದಿಯಲ್ಲಿ ಮತ್ತೊಂದು ಕಂಬ ನೆಲದಿಂದ ಏಳುತ್ತದೆ. ಅದು ಅಂತಿಮ ಶಿಲ್ಕು. ನಡುವಿನ ತುಂಡುಗಳಿಗೆ ನೆಲದ ಆಸರೆಯಿಲ್ಲ, ಅವು ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತವೆ.

ನಾವು ಬಳಸಿದ ಅಂಕಿಗಳು ಇವು. ಇವೆಲ್ಲ ಸಾವಿರ ರೂಪಾಯಿಗಳ ಲೆಕ್ಕ, ಅಂದರೆ 640 ಎಂದರೆ 6,40,000 ರೂಪಾಯಿ. ಬಂದ ಹಣಕ್ಕೆ ಬರೀ ಅಂಕಿ, ಹೋದ ಹಣಕ್ಕೆ ಮೈನಸ್ ಚಿಹ್ನೆ ಹಾಕಬೇಕು. `A` ಕಾಲಮ್ಮಿನಲ್ಲಿ ಬಾಬತ್ತು, `B` ಕಾಲಮ್ಮಿನಲ್ಲಿ ಮೊತ್ತ. ಮೊದಲ ಸಾಲು ಶೀರ್ಷಿಕೆಗೆ ಹೋಗುವುದರಿಂದ ಆರಂಭಿಕ ಶಿಲ್ಕು ಎರಡನೇ ಸಾಲಿನಲ್ಲಿ, ಅಂತಿಮ ಶಿಲ್ಕು ಹತ್ತನೇ ಸಾಲಿನಲ್ಲಿ ಬರುತ್ತದೆ.

```
ಬಾಬತ್ತು                 ಮೊತ್ತ
ಆರಂಭಿಕ ಶಿಲ್ಕು            640
ದೇಣಿಗೆ                  520
ಮಳಿಗೆ ಬಾಡಿಗೆ            180
ಪಿಯುಸಿ ವೇತನ           -360
ಪದವಿ ವೇತನ            -490
ಹಾಸ್ಟೆಲ್, ಪುಸ್ತಕ          -110
ಕಚೇರಿ ವೆಚ್ಚ             -40
ಮರಳಿದ ಚೆಕ್              20
ಅಂತಿಮ ಶಿಲ್ಕು            360
```

ಕೊನೆಯ ಸಾಲಿನ 360 ಅನ್ನು ಸೂತ್ರ ಹಾಕಿ ತೆಗೆಯಬೇಡಿ. ಮೇಲಿನದ್ದನ್ನೇ ಕೂಡಿಸಿ ಬರೆದರೆ ಅದು ಯಾವಾಗಲೂ ತಾಳೆಯಾಗುತ್ತದೆ, ಒಂದು ಬಾಬತ್ತು ಬಿಟ್ಟುಹೋಗಿದ್ದರೂ ಗೊತ್ತಾಗುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಮಾರ್ಚ್ 31ರಂದು ಇರುವ ಶಿಲ್ಕನ್ನು ನೋಡಿ ಕೈಯಿಂದಲೇ ಬರೆಯಿರಿ. ನಂತರ ಖಾಲಿ ಇರುವ ಒಂದು ಮನೆಯಲ್ಲಿ ಈ ಸೂತ್ರ ಹಾಕಿ. ಸೊನ್ನೆ ಬಂದರೆ ಮಾತ್ರ ಮುಂದಿನ ಕೆಲಸ.

```
=SUM(B2:B9)-B10
```

ನಮಗೆ ಮೊದಲ ಸಲ ಸೊನ್ನೆ ಬರಲಿಲ್ಲ, -45 ಬಂತು. ಪುಸ್ತಕದ ಬದಲು ಬ್ಯಾಂಕ್ ಪಾಸ್‌ಬುಕ್‌ನಲ್ಲಿದ್ದ 405 ಅನ್ನು ಬರೆದಿದ್ದೆವು. ವಿದ್ಯಾರ್ಥಿಗಳಿಗೆ ಕೊಟ್ಟ 45 ಸಾವಿರದ ಚೆಕ್‌ಗಳನ್ನು ಅವರು ಆಗ ಇನ್ನೂ ಬ್ಯಾಂಕಿಗೆ ಹಾಕಿರಲಿಲ್ಲ. ಆ ಹಣ ಖಾತೆಯಲ್ಲಿ ಕಾಣಿಸುತ್ತದೆ, ಆದರೆ ಅದು ನಮ್ಮದಲ್ಲ. ಚೆಕ್‌ಗೆ ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳಷ್ಟೇ ಬೆಲೆ. ಆ ಅವಧಿ ಮೀರಿ ಬಳಕೆಯಾಗದೆ ಉಳಿದ ಹಳೆಯ ಚೆಕ್‌ಗಳ ಹಣವೇ ಪಟ್ಟಿಯಲ್ಲಿರುವ 20. ಅದನ್ನು ವೇತನದ ಖರ್ಚಿನಲ್ಲೇ ಕಳೆದುಬಿಡಬಹುದಿತ್ತು, ಒಂದು ತುಂಡು ಉಳಿಯುತ್ತಿತ್ತು. ಆದರೆ ಹಾಗೆ ಮಾಡಿದರೆ ಮಂಜೂರಾದ ಹಣ ಕೆಲವರ ಕೈ ಸೇರಲೇ ಇಲ್ಲ ಎಂಬುದು ಚಿತ್ರದಿಂದ ಮರೆಯಾಗುತ್ತದೆ.

ಇನ್ನು ಚಿತ್ರ. ಎಕ್ಸೆಲ್ 2016 ಅಥವಾ ನಂತರದ ಆವೃತ್ತಿಯಿದ್ದರೆ ಶೀರ್ಷಿಕೆ ಸಹಿತ ಎರಡೂ ಕಾಲಮ್ಮುಗಳನ್ನು ಆಯ್ದುಕೊಂಡು `Insert` ಪಟ್ಟಿಯ ಚಾರ್ಟ್‌ಗಳಲ್ಲಿ `Waterfall` ಒತ್ತಿದರೆ ಸಾಕು, ಚಿತ್ರ ಮೂಡುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಕೊನೆಯ 360 ಒಟ್ಟು ಮೊತ್ತ ಎಂಬುದು ಕಂಪ್ಯೂಟರಿಗೆ ತಿಳಿಯದು. ಅದೂ ಒಂದು ಜಮಾ ಎಂದುಕೊಂಡು, ಆಗಲೇ 360ರ ಎತ್ತರದಲ್ಲಿ ನಿಂತಿರುವ ಲೆಕ್ಕದ ಮೇಲೆ ಮತ್ತೆ 360 ಪೇರಿಸುತ್ತದೆ. ನಮ್ಮ ಮೊದಲ ಕರಡಿನಲ್ಲಿ ಹೀಗೇ ಆಗಿ, ಅದನ್ನು ನೋಡಿದ ಹಿರಿಯ ಸದಸ್ಯರೊಬ್ಬರು "ಏಳು ಲಕ್ಷ ಚಿಲ್ಲರೆ ಉಳಿದಿದೆಯಲ್ಲ!" ಎಂದು ಖುಷಿಪಟ್ಟರು. ಅವರ ಖುಷಿಯನ್ನು ಅರ್ಧ ಮಾಡುವ ಕೆಲಸ ಖಜಾಂಚಿಯವರದಾಯಿತು.

ಸರಿಪಡಿಸುವುದು ಹೀಗೆ: ಕೊನೆಯ ತುಂಡಿನ ಮೇಲೆ ಒಮ್ಮೆ ಒತ್ತಿ, ಸ್ವಲ್ಪ ತಡೆದು ಇನ್ನೊಮ್ಮೆ ಒತ್ತಿ. ಮೊದಲ ಸಲ ಎಲ್ಲ ತುಂಡುಗಳೂ ಆಯ್ಕೆಯಾಗುತ್ತವೆ, ಎರಡನೆಯ ಸಲ ಅದೊಂದೇ. ಆಗ ಮೌಸ್‌ನ ಬಲಗುಂಡಿ ಒತ್ತಿ `Set as Total` ಆಯ್ದುಕೊಳ್ಳಿ. ತುಂಡು ಕೆಳಗಿಳಿದು ನೆಲಕ್ಕೆ ಕೂರುತ್ತದೆ, ಬಣ್ಣವೂ ಬದಲಾಗುತ್ತದೆ. ಆರಂಭಿಕ ಶಿಲ್ಕಿಗೂ ಹಾಗೆಯೇ ಮಾಡಿ. ಅದು ಮೊದಲೇ ನೆಲದ ಮೇಲಿದ್ದರೂ ಮಾಡದಿದ್ದರೆ ಜಮಾದ ಬಣ್ಣದಲ್ಲೇ ಉಳಿದು, ಹಳೆಯ ಹಣ ಈ ವರ್ಷದ ಆದಾಯದಂತೆ ಕಾಣುತ್ತದೆ. ಎರಡು ತುದಿಯ ಕಂಬಗಳು ನೆಲದಲ್ಲಿವೆಯೇ ಎಂದು ನೋಡುವುದೇ ಇಂಥ ಯಾವುದೇ ಚಿತ್ರಕ್ಕೆ ಮಾಡಬೇಕಾದ ಮೊದಲ ಪರೀಕ್ಷೆ.

ಹಳೆಯ ಎಕ್ಸೆಲ್ ಇರುವವರು ಸಾಮಾನ್ಯ `Stacked Column` ಚಾರ್ಟಿನಲ್ಲಿ, ತುಂಡುಗಳ ಕೆಳಗೆ ಕಣ್ಣಿಗೆ ಕಾಣದ ಪೀಠವೊಂದನ್ನು ಇಟ್ಟು ಇದೇ ಚಿತ್ರ ಪಡೆಯಬಹುದು. `C` ಕಾಲಮ್ಮಿನಲ್ಲಿ ಆಗಿಂದಾಗಿನ ಶಿಲ್ಕು, `D`ಯಲ್ಲಿ ಪೀಠ, `E`ಯಲ್ಲಿ ಏರಿಕೆ, `F`ನಲ್ಲಿ ಇಳಿಕೆ. `C2`ರಲ್ಲಿ `=B2` ಎಂದು ಬರೆದು, ಮೂರನೇ ಸಾಲಿನಲ್ಲಿ ಕೆಳಗಿನ ಸೂತ್ರಗಳನ್ನು ಹಾಕಿ ಒಂಬತ್ತನೇ ಸಾಲಿನವರೆಗೆ ಎಳೆಯಬೇಕು.

```
C3: =C2+B3
D3: =MIN(C2,C3)
E3: =MAX(B3,0)
F3: =MAX(-B3,0)
```

ಎರಡು ಶಿಲ್ಕುಗಳನ್ನು ಮಾತ್ರ ಪ್ರತ್ಯೇಕವಾಗಿ `G` ಕಾಲಮ್ಮಿನ ಎರಡನೇ ಮತ್ತು ಹತ್ತನೇ ಸಾಲುಗಳಲ್ಲಿ ಬರೆಯಿರಿ. `A` ಕಾಲಮ್ಮಿನ ಹೆಸರುಗಳ ಜೊತೆ `D`ಯಿಂದ `G`ವರೆಗಿನದನ್ನು ಆಯ್ದು ಚಾರ್ಟ್ ಮಾಡಿ, ಪೀಠದ ಬಣ್ಣಕ್ಕೆ `No fill` ಕೊಟ್ಟರೆ ಮುಗಿಯಿತು. ಒಂದು ಮಿತಿಯಿದೆ: ನಿಧಿ ನಡುವೆ ಎಲ್ಲಾದರೂ ಸೊನ್ನೆಗಿಂತ ಕೆಳಗಿಳಿದು ಸಾಲಕ್ಕೆ ಹೋಗಿದ್ದರೆ ಈ ಪೀಠದ ಉಪಾಯ ಕೆಲಸ ಮಾಡುವುದಿಲ್ಲ.

ಎಡಬದಿಯ ಅಳತೆ ಯಾವಾಗಲೂ ಸೊನ್ನೆಯಿಂದಲೇ ಶುರುವಾಗಲಿ. ಕಚೇರಿ ವೆಚ್ಚದ 40 ತೀರಾ ಚಿಕ್ಕದಾಗಿ ಕಾಣುತ್ತದೆಂದು ಅಳತೆಯನ್ನು 300ರಿಂದ ಆರಂಭಿಸಿದರೆ ತೇಲುವ ತುಂಡುಗಳು ದೊಡ್ಡದಾಗುತ್ತವೆ ನಿಜ. ಆದರೆ 640ರ ಕಂಬ 340ರಷ್ಟು, 360ರ ಕಂಬ 60ರಷ್ಟು ಎತ್ತರಕ್ಕೆ ಇಳಿದು, ನಿಧಿ ಬರಿದಾಯಿತೇನೋ ಎಂಬ ಭಯ ಹುಟ್ಟುತ್ತದೆ. ಇನ್ನೊಂದು ಮಾತು ಮುದ್ರಣಕ್ಕೆ ಸಂಬಂಧಿಸಿದ್ದು. ಪರದೆಯ ಮೇಲೆ ಹಸಿರು-ಕೆಂಪು ಚೆಂದವಾಗಿಯೇ ಇರುತ್ತವೆ. ಒಂದೇ ಬಣ್ಣದಲ್ಲಿ ಅಚ್ಚಾಗುವ ನಮ್ಮ ವರದಿಯಲ್ಲಿ ಎರಡೂ ಒಂದೇ ಬೂದು. ಆದ್ದರಿಂದ ಏರಿಕೆಗೆ ತಿಳಿ, ಇಳಿಕೆಗೆ ಗಾಢ ಛಾಯೆ ಕೊಟ್ಟು, ಪ್ರತಿ ತುಂಡಿನ ಮೇಲೂ ಪ್ಲಸ್ ಅಥವಾ ಮೈನಸ್ ಸಹಿತ ಅಂಕಿ ಹಾಕಿಸಿದ್ದೇವೆ.

ಚಿತ್ರ ಸಿದ್ಧವಾದ ಮೇಲೆ ನಿಜವಾದ ಪ್ರಶ್ನೆ ಎದ್ದಿತು. ಅದನ್ನು ಕೇಳಿದ್ದು ಒಬ್ಬ ವಿದ್ಯಾರ್ಥಿನಿಯ ತಾಯಿ. ಚಿತ್ರದ ನೆತ್ತಿಯನ್ನು ತೋರಿಸಿ ಅವರು ಹೇಳಿದರು: "ಇಲ್ಲಿ ನಿಮ್ಮ ಹತ್ತಿರ 13 ಲಕ್ಷ 40 ಸಾವಿರ ಇತ್ತು. ಹಾಗಿದ್ದೂ ಸೆಪ್ಟೆಂಬರ್‌ನಲ್ಲಿ ನನ್ನ ಮಗಳಿಗೆ ಕಾಯಲು ಹೇಳಿದಿರಲ್ಲ?"

ಅವರು ಚಿತ್ರವನ್ನು ಓದಿದ್ದು ಸಹಜವಾಗಿಯೇ ಇತ್ತು. ಆರಂಭದ 640, ದೇಣಿಗೆಯ 520, ಬಾಡಿಗೆಯ 180 ಸೇರಿ ಆ ತುದಿ 1340ಕ್ಕೆ ಏರಿರುವುದು ನಿಜ. ಆದರೆ ವರ್ಷದ ಯಾವ ದಿನವೂ ನಮ್ಮ ಖಾತೆಯಲ್ಲಿ ಅಷ್ಟು ಹಣ ಇರಲಿಲ್ಲ. ಬಂದದ್ದನ್ನೆಲ್ಲ ಮೊದಲು, ಹೋದದ್ದನ್ನೆಲ್ಲ ಆಮೇಲೆ ಜೋಡಿಸಿದ್ದರಿಂದ ಮೂಡಿದ ಶಿಖರ ಅದು. ಖರ್ಚನ್ನು ಮೊದಲಿಟ್ಟು ಜೋಡಿಸಿದ್ದರೆ ಅದೇ ಲೆಕ್ಕ ಮೊದಲು ಸೊನ್ನೆಗಿಂತ ಕೆಳಗೆ ಹೋಗಿ ಮತ್ತೆ ಮೇಲೆ ಬರುತ್ತಿತ್ತು. ಬಾಬತ್ತುವಾರು ಚಿತ್ರ ಹಣ ಏಕೆ ಏರಿತು, ಏಕೆ ಇಳಿಯಿತು ಎಂಬುದನ್ನು ಹೇಳುತ್ತದೆಯೇ ಹೊರತು ಯಾವಾಗ ಎಂಬುದನ್ನಲ್ಲ. ಎಡದಿಂದ ಬಲಕ್ಕೆ ಸಾಗುವ ಯಾವ ಚಿತ್ರವನ್ನು ಕಂಡರೂ ನಾವು ಅದನ್ನು ಕಾಲದ ಗೆರೆಯಂತೆ ಓದುತ್ತೇವೆ, ಆ ಎಚ್ಚರ ತಯಾರಿಸುವವರಿಗೆ ಇರಬೇಕಿತ್ತು.

ಆದ್ದರಿಂದ ಅದೇ ಎರಡು ಕಂಬಗಳ ನಡುವೆ ಬಾಬತ್ತುಗಳನ್ನು ತೆಗೆದು, ಮೂರು ಮೂರು ತಿಂಗಳ ನಿವ್ವಳ ಬದಲಾವಣೆಯನ್ನು ಇಟ್ಟು ಎರಡನೇ ಚಿತ್ರ ಮಾಡಿದೆವು. ನಿವ್ವಳ ಎಂದರೆ ಆ ಅವಧಿಯಲ್ಲಿ ಬಂದದ್ದರಿಂದ ಹೋದದ್ದನ್ನು ಕಳೆದು ಉಳಿದದ್ದು.

```
ಆರಂಭಿಕ ಶಿಲ್ಕು            640
ಏಪ್ರಿಲ್-ಜೂನ್          -150
ಜುಲೈ-ಸೆಪ್ಟೆಂಬರ್        -430
ಅಕ್ಟೋಬರ್-ಡಿಸೆಂಬರ್       30
ಜನವರಿ-ಮಾರ್ಚ್           270
ಅಂತಿಮ ಶಿಲ್ಕು            360
```

ಎರಡೂ ತುದಿಗಳು ಮೊದಲಿನವೇ, ನಡುವಿನ ಆಕಾರ ಮಾತ್ರ ಪೂರ್ತಿ ಬೇರೆ. ಗುಡ್ಡವಿದ್ದಲ್ಲಿ ಹಳ್ಳ. ಸೆಪ್ಟೆಂಬರ್ ಕೊನೆಗೆ ನಿಧಿಯಲ್ಲಿ ಉಳಿದದ್ದು ಬರೀ 60 ಸಾವಿರ. ಕಾಲೇಜು ಶುಲ್ಕದ ಬೇಡಿಕೆ ಜೂನ್‌ನಿಂದ ಆಗಸ್ಟ್‌ವರೆಗೆ ಒಟ್ಟಿಗೇ ಬರುತ್ತದೆ. ದೇಣಿಗೆಯ ದೊಡ್ಡ ಪಾಲು ಬರುವುದು ರಮಝಾನ್‌ನಲ್ಲಿ, ಈ ಸಲ ಅದು ಫೆಬ್ರವರಿ-ಮಾರ್ಚ್‌ಗೆ ಬಿತ್ತು. ಚಾಂದ್ರಮಾನದ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದಾಗಿರುವುದರಿಂದ ರಮಝಾನ್ ಪ್ರತಿ ವರ್ಷ ಅಷ್ಟು ಹಿಂದಕ್ಕೆ ಸರಿಯುತ್ತದೆ, ಶುಲ್ಕದ ತಿಂಗಳುಗಳು ಮಾತ್ರ ಅಲ್ಲೇ ಇರುತ್ತವೆ. ಹಣದ ಕೊರತೆಗಿಂತ ಹಣ ಬರುವ ಕಾಲದ ಅಂತರವೇ ಆ ಹುಡುಗಿಯನ್ನು ಕಾಯಿಸಿತ್ತು. ಪಟ್ಟಿಯಲ್ಲಾಗಲಿ ಮೊದಲ ಚಿತ್ರದಲ್ಲಾಗಲಿ ಅದು ನಮಗೂ ಕಂಡಿರಲಿಲ್ಲ.

ಝಕಾತ್ ನಿಧಿಗೆ ಪ್ರತ್ಯೇಕ ಚಿತ್ರವಿದೆ. ಅದನ್ನು ಎಲ್ಲ ಬಾಬತ್ತಿಗೂ ಬಳಸುವಂತಿಲ್ಲವಾದ್ದರಿಂದ ಎರಡೂ ನಿಧಿಗಳನ್ನು ಒಂದೇ ಕಂಬಕ್ಕೆ ಕೂಡಿಸಿದರೆ, ಖರ್ಚು ಮಾಡಬಹುದಾದ ಹಣ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಎರಡನೇ ಚಿತ್ರವನ್ನು ಮುಂದಿಟ್ಟುಕೊಂಡು ಸಮಿತಿ ಒಂದು ತೀರ್ಮಾನ ಮಾಡಿದೆ. ಈಗಾಗಲೇ ವೇತನ ಪಡೆಯುತ್ತಿರುವ ವಿದ್ಯಾರ್ಥಿಗಳಿಗೆ ಪೂರ್ತಿ ಮೊತ್ತವನ್ನು ಶುಲ್ಕದ ಸಮಯದಲ್ಲೇ ಕೊಡಲಾಗುವುದು. ಹೊಸ ಅರ್ಜಿದಾರರಿಗೆ ಅರ್ಧವನ್ನು ಆಗ, ಉಳಿದರ್ಧವನ್ನು ಜನವರಿಯ ನಂತರ ಕೊಡಲಾಗುವುದು. ಹೊಸದಾಗಿ ಅರ್ಜಿ ಹಾಕುವವರು ಕಾಲೇಜಿನ ಶುಲ್ಕದ ಕಂತುಗಳು ಯಾವ ತಿಂಗಳಲ್ಲಿ ಎಷ್ಟು ಎಂಬುದನ್ನು ಅರ್ಜಿಯಲ್ಲಿ ಬರೆಯಬೇಕು. ತಿಂಗಳಿಗೆ ಸಣ್ಣ ಮೊತ್ತವಾಗಿ ದೇಣಿಗೆ ಕೊಡಲು ಅನುಕೂಲವಿರುವ ದಾನಿಗಳು ದಯವಿಟ್ಟು ಕಚೇರಿಗೆ ತಿಳಿಸಿ. ಅದರಿಂದ ವರ್ಷದ ಒಟ್ಟು ಮೊತ್ತ ಬದಲಾಗದಿದ್ದರೂ ಜುಲೈ-ಸೆಪ್ಟೆಂಬರ್‌ನ ಆ ಹಳ್ಳ ಅಷ್ಟಷ್ಟು ತುಂಬುತ್ತದೆ. ಚಿತ್ರಗಳ ಎಕ್ಸೆಲ್ ಹಾಳೆ ಕಚೇರಿಯಲ್ಲಿದೆ. ಕೇಳಿದವರಿಗೆ ಪ್ರತಿ ಮಾಡಿ ಕೊಡುತ್ತೇವೆ.